ಕೊನೆಯ ಸಾಲಿನ ಹ್ಯಾಶ್ ಯಾರ ಹತ್ತಿರ ಇದೆ?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಹೊಸ ಲೆಕ್ಕದ ಸಾಫ್ಟ್‌ವೇರ್ ಹಾಕಿಸುತ್ತಿದ್ದೇವೆ. ನಾನು ಆಡಳಿತ ಮಂಡಳಿಯಲ್ಲಿದ್ದೇನೆ. "ಇದರಲ್ಲಿ ಹ್ಯಾಶ್ ಚೈನ್ ಇದೆ ಸಾರ್, ಹಳೇ ಎಂಟ್ರಿ ಯಾರೂ ತಿದ್ದೋಕಾಗಲ್ಲ" ಅಂತ ಮಾರುವವರು ಹೇಳುತ್ತಾರೆ. ಆದರೆ ಕಂಪ್ಯೂಟರ್ ನಮ್ಮ ಆಫೀಸಿನಲ್ಲೇ ಇರುತ್ತೆ, ಪಾಸ್‌ವರ್ಡ್ ಕಾರ್ಯದರ್ಶಿಗಳ ಹತ್ತಿರ ಇರುತ್ತೆ. ಹಾಗಿದ್ದರೂ ತಿದ್ದೋಕೆ ಯಾಕಾಗಲ್ಲ? ತಿದ್ದಿದರೆ ನಮಗೆ ಗೊತ್ತಾಗೋದು ಹೇಗೆ?

ಉತ್ತರ: ತಿದ್ದೋಕೆ ಆಗುತ್ತದೆ. ಮಾರುವವರ ಆ ಮಾತನ್ನು ಮೊದಲು ಪಕ್ಕಕ್ಕಿಡಿ. ಡೇಟಾಬೇಸ್‌ನ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರು ಯಾವ ಸಾಲನ್ನು ಬೇಕಾದರೂ ಬದಲಾಯಿಸಬಹುದು. ಹ್ಯಾಶ್ ಚೈನ್ ಅವರ ಕೈ ಹಿಡಿಯುವುದಿಲ್ಲ. ಹಳೆಯ ಒಂದು ಸಾಲು ಬದಲಾದರೆ ಅದರ ಮುಂದಿನ ಎಲ್ಲ ಸಾಲುಗಳ ಗುರುತೂ ಬದಲಾಗಲೇಬೇಕು ಅನ್ನುವ ಹಾಗೆ ಲೆಕ್ಕವನ್ನು ಕಟ್ಟಿಡುತ್ತದೆ, ಅಷ್ಟೇ. ಆ ಗುರುತುಗಳಲ್ಲಿ ಒಂದಾದರೂ ಕಾರ್ಯದರ್ಶಿಗಳ ಕೈಗೆ ಸಿಗದ ಜಾಗದಲ್ಲಿ ಇದ್ದರೆ ತಿದ್ದಿದ್ದು ಗೊತ್ತಾಗುತ್ತದೆ. ಇಲ್ಲದಿದ್ದರೆ ಗೊತ್ತಾಗುವುದಿಲ್ಲ.

ಹಳೇ ಕಿರ್ದಿ ಪುಸ್ತಕ ನೋಡಿರುತ್ತೀರಿ. ಪುಟದ ಕೆಳಗೆ ಮೊತ್ತ ಹಾಕುತ್ತಾರೆ. ಮುಂದಿನ ಪುಟದ ತಲೆಯಲ್ಲಿ "ಹಿಂದಿನ ಪುಟದಿಂದ ತಂದದ್ದು" ಅಂತ ಅದೇ ಮೊತ್ತವನ್ನು ಮತ್ತೆ ಬರೆಯುತ್ತಾರೆ. 12ನೇ ಪುಟದಲ್ಲಿ ಯಾರೋ 145 ರೂಪಾಯಿಯನ್ನು 195 ಮಾಡಿದರು ಅಂದುಕೊಳ್ಳಿ. ಆ ಪುಟದ ಮೊತ್ತ ತಪ್ಪುತ್ತದೆ. ಅದನ್ನು ಸರಿ ಮಾಡಿದರೆ 13ನೇ ಪುಟದ ತಲೆ ತಪ್ಪುತ್ತದೆ. ಹೀಗೆ ಇವತ್ತಿನ ಪುಟದವರೆಗೂ ತಿದ್ದುತ್ತಾ ಬರಬೇಕು. ಹ್ಯಾಶ್ ಚೈನ್‌ನ ಮೂಲ ಉಪಾಯ ಇದೇ.

ಆದರೆ ಮೊತ್ತಕ್ಕೆ ಒಂದು ದೌರ್ಬಲ್ಯ ಇದೆ. ಅದೇ ಪುಟದಲ್ಲಿ ಒಬ್ಬರಿಗೆ 50 ಕೂಡಿಸಿ ಇನ್ನೊಬ್ಬರಿಗೆ 50 ಕಳೆದರೆ ಮೊತ್ತ ಅಲ್ಲಾಡುವುದೇ ಇಲ್ಲ. ಹೆಸರು ಅದಲುಬದಲು ಮಾಡಿದರೂ ಅಷ್ಟೆ. ಹಾಗಾಗಿ ಮೊತ್ತದ ಬದಲು, ಪುಟದ ಮೇಲಿನ ಒಂದೊಂದು ಅಕ್ಷರಕ್ಕೂ ಸ್ಪಂದಿಸುವ ಒಂದು ಗುರುತು ಬೇಕು. ಅದೇ ಹ್ಯಾಶ್. ಎಷ್ಟೇ ಉದ್ದದ ಬರಹ ಕೊಟ್ಟರೂ ಅದನ್ನು ಅರೆದು ಒಂದೇ ಅಳತೆಯ ಸಂಖ್ಯೆ ಕೊಡುವ ಲೆಕ್ಕ. ಅದೇ ಬರಹ ಕೊಟ್ಟರೆ ಅದೇ ಸಂಖ್ಯೆ ಬರುತ್ತದೆ, ಯಾರ ಕಂಪ್ಯೂಟರಿನಲ್ಲಿ ಮಾಡಿದರೂ.

ನಿಜವಾದ ಹ್ಯಾಶನ್ನು ಪೆನ್ನು ಹಿಡಿದು ಮಾಡುವುದು ಬಲು ಕಷ್ಟ. ಅದಕ್ಕೇ ಒಂದು ಆಟಿಕೆ ಹ್ಯಾಶ್ ಮಾಡಿಕೊಳ್ಳೋಣ. ಕ್ಯಾಲ್ಕುಲೇಟರ್ ತಗೊಂಡು ನನ್ನ ಜೊತೆ ಲೆಕ್ಕ ಮಾಡಿ, ಆಗಲೇ ಇದು ಕೈಗೆ ಹತ್ತುವುದು. ನಿಯಮ ಹೀಗೆ: ಹಿಂದಿನ ಸಾಲಿನ ಗುರುತನ್ನು 31ರಿಂದ ಗುಣಿಸಿ, ಸದಸ್ಯರ ಸಂಖ್ಯೆಯನ್ನು 17ರಿಂದ ಗುಣಿಸಿ ಅದಕ್ಕೆ ಕೂಡಿಸಿ, ರೂಪಾಯಿಯನ್ನೂ ಕೂಡಿಸಿ, ಬಂದದ್ದನ್ನು 997ರಿಂದ ಭಾಗಿಸಿ. ಉಳಿಯುವ ಶೇಷವೇ ಈ ಸಾಲಿನ ಗುರುತು. ಮೊದಲ ಸಾಲಿಗೆ ಹಿಂದಿನದು ಇಲ್ಲ, ಅಲ್ಲಿ ಸೊನ್ನೆ ಇಟ್ಟುಕೊಳ್ಳೋಣ.

ಒಂದು ಬೆಳಗ್ಗೆ ಐದು ಜನ ಹಾಲು ಹಾಕಿದ್ದಾರೆ:

```
ಸಾಲು  ಸದಸ್ಯ  ರೂ.   ಲೆಕ್ಕ                        ಗುರುತು
1     23     210   0×31   + 23×17 + 210 =   601   601
2     8      145   601×31 +  8×17 + 145 = 18912   966
3     41     320   966×31 + 41×17 + 320 = 30963    56
4     15     180   56×31  + 15×17 + 180 =  2171   177
5     30     260   177×31 + 30×17 + 260 =  6257   275
```

ಕೊನೆಯ 275 ನೋಡಿ. ಅದು ಬರೀ 30ನೇ ಸದಸ್ಯರ 260 ರೂಪಾಯಿಯ ಗುರುತಲ್ಲ. ಅದರೊಳಗೆ 177 ಇದೆ, 177ರೊಳಗೆ 56 ಇದೆ, ಹಾಗೇ ಹಿಂದಕ್ಕೆ ಮೊದಲ ಸಾಲಿನವರೆಗೂ. ಐದೂ ಸಾಲು ಆ ಮೂರಂಕಿಯಲ್ಲಿ ಬೆರೆತು ಕೂತಿವೆ.

ಈಗ ತಿದ್ದೋಣ. 2ನೇ ಸಾಲಿನ 145ನ್ನು 195 ಮಾಡುತ್ತೇನೆ. ಸೋಮಾರಿ ಕಳ್ಳ ಇಷ್ಟು ಮಾಡಿ ಎದ್ದು ಹೋಗುತ್ತಾನೆ. ಪರೀಕ್ಷೆ ಮಾಡುವ ಪ್ರೋಗ್ರಾಂ ಮೊದಲ ಸಾಲಿನಿಂದ ಮತ್ತೆ ಲೆಕ್ಕ ಹಾಕುತ್ತಾ ಬಂದಾಗ 2ನೇ ಸಾಲಿಗೆ 19 ಬರುತ್ತದೆ. ಆದರೆ ಪುಸ್ತಕದಲ್ಲಿ 966 ಅಂತ ಬರೆದಿದೆ. ಅಲ್ಲೇ ಸಿಕ್ಕಿಬಿದ್ದ.

ಸ್ವಲ್ಪ ಬುದ್ಧಿವಂತನಾದರೆ 966ನ್ನು ಅಳಿಸಿ 19 ಅಂತ ಬರೆಯುತ್ತಾನೆ. ಈಗ 2ನೇ ಸಾಲು ಸರಿ ಇದೆ. ಆದರೆ 3ನೇ ಸಾಲಿನ ಲೆಕ್ಕದಲ್ಲಿ 966ರ ಜಾಗಕ್ಕೆ 19 ಬಂತು. ಹಾಗಾಗಿ ಅಲ್ಲಿ 609 ಬರುತ್ತದೆ, ಪುಸ್ತಕದಲ್ಲಿ ಇರುವುದು 56. ತಪ್ಪು ಒಂದು ಸಾಲು ಕೆಳಗೆ ಜಾರಿತು, ಅಷ್ಟೆ.

ಪೂರ್ತಿ ಕೆಲಸ ಗೊತ್ತಿರುವವನು ಕೊನೆಯವರೆಗೂ ತಿದ್ದುತ್ತಾನೆ. 19, 609, 371, 307. ಈಗ ಪುಸ್ತಕದ ಒಳಗೆ ಎಲ್ಲವೂ ಒಂದಕ್ಕೊಂದು ಹೊಂದುತ್ತದೆ. ಪ್ರೋಗ್ರಾಂ ಓಡಿಸಿದರೆ "ಎಲ್ಲ ಸರಿ ಇದೆ" ಅಂತ ಹಸಿರು ದೀಪ ತೋರಿಸುತ್ತದೆ. ತಪ್ಪು ಎಲ್ಲೂ ಇಲ್ಲ.

ಒಂದು ಕಡೆ ಬಿಟ್ಟು. ಐದನೆಯವರು ಹಾಲು ಹಾಕಿ ಮನೆಗೆ ಹೋಗುವಾಗ ಅವರ ಚೀಟಿಯಲ್ಲಿ 275 ಅಂತ ಅಚ್ಚಾಗಿತ್ತು. ಆ ಚೀಟಿ ಈಗ ಅವರ ಮನೆಯ ಗೋಡೆಯ ಮೊಳೆಗೆ ಸಿಕ್ಕಿಸಿದೆ. ಪುಸ್ತಕದಲ್ಲಿ 307 ಇದೆ. ಅವರ ಲೆಕ್ಕವನ್ನು ಯಾರೂ ಮುಟ್ಟಿಲ್ಲ, ಅವರ 260 ಹಾಗೇ ಇದೆ. ಆದರೂ ಬೇರೆಯವರ ಸಾಲಿನಲ್ಲಿ ಆದ ತಿದ್ದುಪಡಿಯನ್ನು ಅವರ ಚೀಟಿ ಹಿಡಿದುಹಾಕಿತು. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಈ ಐಡಿಯಾ ಬಿಟ್‌ಕಾಯಿನ್ ಜೊತೆ ಹುಟ್ಟಿದ್ದು ಅಂತ ತುಂಬ ಜನ ತಿಳಿದಿದ್ದಾರೆ. ಅದಕ್ಕಿಂತ ಹಳೆಯದು. 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಇಬ್ಬರು ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದಲ್ಲಿದ್ದಾಗ ಇದರ ಬಗ್ಗೆ ಪ್ರಬಂಧ ಬರೆದರು. ಒಂದು ಡಿಜಿಟಲ್ ದಾಖಲೆ ಇಂಥ ದಿನ ಇತ್ತು, ಆಮೇಲೆ ಬದಲಾಗಿಲ್ಲ ಅಂತ ತೋರಿಸುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಸಮಯದ ಮುದ್ರೆ ಒತ್ತುವ ಕಂಪನಿಯೇ ಮೋಸ ಮಾಡಿದರೆ? ನಿಮ್ಮ ಕಾರ್ಯದರ್ಶಿಗಳ ಪಾಸ್‌ವರ್ಡ್ ಪ್ರಶ್ನೆಯೇ ಅದು. ಒಂದು ದಾರಿಯಾಗಿ ಅವರು ಮುದ್ರೆಗಳನ್ನು ಒಂದರ ಹ್ಯಾಶ್ ಇನ್ನೊಂದರೊಳಗೆ ಹೋಗುವ ಹಾಗೆ ಕೊಂಡಿ ಹಾಕಿದರು.

ಆಮೇಲೆ ಶ್ಯೂರಿಟಿ ಎಂಬ ಕಂಪನಿ ಮಾಡಿಕೊಂಡು ಇದನ್ನೇ ಸೇವೆಯಾಗಿ ಕೊಟ್ಟರು. ಕೊನೆಯ ಗುರುತನ್ನು ಅವರು ಇಟ್ಟ ಜಾಗ ಸೊಗಸಾಗಿದೆ. 1995ರಿಂದ ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಕಳೆದುಹೋದ ವಸ್ತುಗಳ ಪುಟ್ಟ ಜಾಹೀರಾತುಗಳ ಪಕ್ಕದಲ್ಲಿ, ಒಂದೆರಡು ಸಾಲು ಅರ್ಥವಿಲ್ಲದ ಅಕ್ಷರಗಳನ್ನು ಅಚ್ಚು ಹಾಕಿಸಿದರು. ಹಳೆಯ ಮುದ್ರೆಯೊಂದನ್ನು ಬದಲಾಯಿಸಬೇಕು ಅಂದರೆ ಈಗ ಕಂಪನಿಯ ಕಂಪ್ಯೂಟರ್ ತಿದ್ದಿದರೆ ಸಾಲದು. ಊರೂರಿನ ಗ್ರಂಥಾಲಯಗಳಲ್ಲಿ ಇರುವ ಹಳೇ ಪೇಪರ್‌ಗಳನ್ನೆಲ್ಲ ತಿದ್ದಬೇಕು.

ಬಿಟ್‌ಕಾಯಿನ್ 2009ರಲ್ಲಿ ಶುರುವಾಯಿತು. ಅದರ ಮೂಲ ಪ್ರಬಂಧದ ಕೊನೆಯಲ್ಲಿರುವ ಎಂಟು ಉಲ್ಲೇಖಗಳಲ್ಲಿ ಮೂರು ಈ ಇಬ್ಬರ ಬರಹಗಳು. ಕೊಂಡಿ ಹಾಕುವುದನ್ನು ಅಲ್ಲಿಂದ ತಗೊಂಡಿದ್ದಾರೆ. ಬಿಟ್‌ಕಾಯಿನ್ ಹೊಸದಾಗಿ ಸೇರಿಸಿದ್ದು ಏನೆಂದರೆ, ಕೊನೆಯವರೆಗೂ ತಿದ್ದುವ ಕೆಲಸಕ್ಕೆ ಭಾರೀ ಕರೆಂಟ್ ಖರ್ಚಾಗುವ ಹಾಗೆ ಮಾಡಿದ್ದು, ಪುಸ್ತಕದ ಪ್ರತಿಗಳನ್ನು ಸಾವಿರಾರು ಅಪರಿಚಿತರ ಹತ್ತಿರ ಇಟ್ಟದ್ದು. ಒಂದು ಹಳ್ಳಿಯ ಸಂಘಕ್ಕೆ ಅದೆಲ್ಲ ಬೇಕಿಲ್ಲ. ಬಿಟ್‌ಕಾಯಿನ್‌ನ ಇಂಥ ಪುಸ್ತಕಕ್ಕೆ ಬಂದ "ಬ್ಲಾಕ್‌ಚೈನ್" ಅನ್ನುವ ಹೆಸರಿಗೆ ಬಿಲ್ಲಿನಲ್ಲಿ ಬೇರೆ ದುಡ್ಡು ಹಾಕಿದ್ದರೆ ಕೇಳಿ ನೋಡಿ, ಯಾವುದಕ್ಕೆ ಅಂತ.

ಈಗ ನನ್ನ ಆಟಿಕೆ ಹ್ಯಾಶ್‌ಗೆ ವಾಪಸ್ ಬರುತ್ತೇನೆ, ಯಾಕೆಂದರೆ ಅದರಲ್ಲಿ ಒಂದು ಕಳ್ಳದಾರಿ ಬಿಟ್ಟಿದ್ದೇನೆ. 2ನೇ ಸಾಲಿನಲ್ಲಿ ಸದಸ್ಯ 8, ರೂಪಾಯಿ 145 ಇತ್ತು. ಅದನ್ನು ಸದಸ್ಯ 7, ರೂಪಾಯಿ 162 ಮಾಡಿ ನೋಡಿ. 8×17 + 145 ಅಂದರೆ 281. 7×17 + 162 ಅಂದರೂ 281. ಗುರುತು 966 ಹಾಗೇ ಉಳಿಯಿತು, ಕೊನೆಯ 275 ಕೂಡ ಹಾಗೇ. ಎಂಟನೆಯವರ ಹಾಲಿನ ದುಡ್ಡು, ಮೇಲೆ 17 ರೂಪಾಯಿ ಸೇರಿ, ಏಳನೆಯವರ ಖಾತೆಗೆ ಹೋಯಿತು. ಯಾವ ಚೀಟಿಯೂ ಕೂಗಲಿಲ್ಲ. ಕೊಂಡಿ ಎಷ್ಟೇ ಉದ್ದ ಇದ್ದರೂ, ಅದರಲ್ಲಿ ಬಳಸಿದ ಹ್ಯಾಶ್ ಬಡವಾಗಿದ್ದರೆ ಇಷ್ಟೇ ಕಥೆ.

ಒಳ್ಳೆಯ ಹ್ಯಾಶ್ ಅಂದರೆ ಒಂದೇ ಗುರುತು ಬರುವ ಎರಡು ಬರಹಗಳನ್ನು ಬೇಕೆಂದು ಹುಡುಕಿದರೂ ಸಿಗಬಾರದು. ಈಗ ಸಾಮಾನ್ಯವಾಗಿ ಬಳಸುವುದು ಎಸ್‌ಎಚ್‌ಎ-256. ಅದರ ಗುರುತು 256 ಬಿಟ್, ಬರೆದರೆ 64 ಅಕ್ಷರ. ಒಂದು ಅಕ್ಷರ ಚಿಕ್ಕದರಿಂದ ದೊಡ್ಡದಾದರೆ ಏನಾಗುತ್ತದೆ ಅಂತ ನೋಡಿ:

```
hello  2cf24dba5fb0a30e26e83b2ac5b9e29e1b161e5c1fa7425e73043362938b9824
Hello  185f8db32271fe25f561a6fc938b2e264306ec304eda518007d1764826381969
```

ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆಟಿಕೆಯಲ್ಲಿ 50 ಕೂಡಿಸಿದರೆ ಗುರುತು ಎಷ್ಟು ಸರಿಯುತ್ತದೆ ಅಂತ ಮೊದಲೇ ಹೇಳಬಹುದಿತ್ತು. ಇಲ್ಲಿ ಹೇಳಲು ಆಗುವುದಿಲ್ಲ. ಹೇಳಲು ಆಗದಿದ್ದರೆ ಒಂದು ಕಡೆ ಮಾಡಿದ ತಪ್ಪನ್ನು ಇನ್ನೊಂದು ಕಡೆ ಸರಿದೂಗಿಸಲೂ ಆಗುವುದಿಲ್ಲ. ಎಸ್‌ಎಚ್‌ಎ-256ರಲ್ಲಿ ಒಂದೇ ಗುರುತಿನ ಎರಡು ಬರಹಗಳನ್ನು ಇವತ್ತಿನವರೆಗೆ ಯಾರೂ ತೋರಿಸಿಲ್ಲ. ಅದರ ಅಣ್ಣ ಎಸ್‌ಎಚ್‌ಎ-1ಕ್ಕೆ ಅಂಥ ಜೋಡಿ 2017ರಲ್ಲಿ ಸಿಕ್ಕಿತು. ಎಂಡಿ5 ಎಂಬ ಇನ್ನೊಂದು ಹಳೇ ಹ್ಯಾಶ್ ಅದಕ್ಕೂ ಮೊದಲೇ, 2004ರಲ್ಲಿ ಮುರಿದುಬಿತ್ತು. ನಿಮ್ಮ ಸಾಫ್ಟ್‌ವೇರ್‌ನವರು ಈ ಎರಡರಲ್ಲಿ ಒಂದನ್ನು ಹೇಳಿದರೆ ಬೇಡ ಅನ್ನಿ.

ಇನ್ನೊಂದು ಚಾಳಿ ಇದೆ. 64 ಅಕ್ಷರ ಚೀಟಿಯಲ್ಲಿ ಹಿಡಿಸುವುದಿಲ್ಲ ಅಂತ ಮೊದಲ ಎಂಟು ಅಕ್ಷರ ಮಾತ್ರ ಅಚ್ಚು ಹಾಕುವುದು. ನೋಡಲು ಚೆನ್ನಾಗಿರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಎಂಟು ಅಕ್ಷರ ಅಂದರೆ ಸುಮಾರು 430 ಕೋಟಿ ಬೇರೆ ಬೇರೆ ಗುರುತು. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಮಾಮೂಲಿ ಲ್ಯಾಪ್‌ಟಾಪ್ ಸೆಕೆಂಡಿಗೆ ಲಕ್ಷಗಟ್ಟಲೆ ಹ್ಯಾಶ್ ಮಾಡುತ್ತದೆ. ಹಳೇ ಸಾಲನ್ನು ತಿದ್ದಿ, "ಷರಾ" ಕಾಲಂನಲ್ಲಿ ಏನೇನೋ ತುಂಬುತ್ತಾ, ಅದೇ ಎಂಟು ಅಕ್ಷರ ಮತ್ತೆ ಬರುವವರೆಗೆ ಓಡಿಸಿದರೆ ಒಂದು ದಿನದೊಳಗೆ ಕೆಲಸ ಮುಗಿಯುತ್ತದೆ. ಪೂರ್ತಿ 64 ಅಕ್ಷರ ಹಾಕಿಸಿ. ಎರಡು ಸಾಲಿನಲ್ಲಿ ಬರಲಿ, ಅಥವಾ ಕ್ಯೂಆರ್ ಕೋಡ್ ಮಾಡಲಿ.

ಕೋಡ್ ಓದಬಲ್ಲ ಹುಡುಗರು ನಿಮ್ಮೂರಲ್ಲಿ ಇದ್ದರೆ ಅವರಿಗಾಗಿ ಪರೀಕ್ಷೆಯ ತಿರುಳು ಇಲ್ಲಿದೆ. ಇಷ್ಟೇ ಇರುವುದು:

```python
import hashlib, json

def gurutu(hindina, saalu):
    s = json.dumps(saalu, sort_keys=True,
                   ensure_ascii=False, separators=(",", ":"))
    return hashlib.sha256((hindina + s).encode("utf-8")).hexdigest()

def parikshe(pustaka):
    h = "0" * 64
    for n, (saalu, baredaddu) in enumerate(pustaka, 1):
        h = gurutu(h, saalu)
        if h != baredaddu:
            print("ಹೊಂದುತ್ತಿಲ್ಲ, ಸಾಲು", n)
            return
    print(n, "ಸಾಲು, ಕೊನೆಯ ಗುರುತು", h)
```

ಕೊನೆಯ ಸಾಲನ್ನು ಗಮನಿಸಿ. ಪರೀಕ್ಷೆ ಸರಿ ಬಂದಾಗ ಇದು "ಎಲ್ಲ ಸರಿ ಇದೆ" ಅನ್ನುವುದಿಲ್ಲ. ಎಷ್ಟು ಸಾಲು, ಕೊನೆಯ ಗುರುತು ಏನು ಅಂತ ಮಾತ್ರ ಹೇಳುತ್ತದೆ. ಅದನ್ನು ಹೊರಗಿನ ಚೀಟಿಯ ಜೊತೆ ಹೋಲಿಸುವುದು ಮನುಷ್ಯರ ಕೆಲಸ.

ಸಾಲುಗಳ ಲೆಕ್ಕ ಯಾಕೆ ಅಂದರೆ, ಕೊಂಡಿಗೆ ಬಾಲದ ಕಡೆ ಒಂದು ಕುರುಡು ಇದೆ. ನಡುವಿನ ಸಾಲು ಕಿತ್ತರೆ ಮುಂದಿನದು ಹೊಂದುವುದಿಲ್ಲ. ನಡುವೆ ಹೊಸ ಸಾಲು ತುರುಕಿದರೂ, ಎರಡು ಸಾಲು ಹಿಂದುಮುಂದು ಮಾಡಿದರೂ ಅಷ್ಟೆ. ಆದರೆ ಕೊನೆಯ ಎರಡು ಸಾಲನ್ನು ಸುಮ್ನೆ ಕತ್ತರಿಸಿ ಹಾಕಿ ನೋಡಿ. ನಮ್ಮ ಉದಾಹರಣೆಯಲ್ಲಿ 601, 966, 56 ಉಳಿಯುತ್ತದೆ. ಅದರಲ್ಲಿ ಏನೂ ತಪ್ಪಿಲ್ಲ. ಮೂರೇ ಜನ ಹಾಲು ಹಾಕಿದ ಬೆಳಗ್ಗೆಯ ಸರಿಯಾದ ಪುಸ್ತಕ ಅದು. 275 ಇರುವ ಚೀಟಿ ಹೊರಗೆ ಇಲ್ಲದಿದ್ದರೆ ಆ ಇಬ್ಬರ ಹಾಲು ಇತ್ತು ಅನ್ನುವುದೇ ಉಳಿಯುವುದಿಲ್ಲ. ಹಾಗೆಯೇ ಕೊನೆಯ ಬಾರಿ ಗುರುತು ಹೊರಗೆ ಹೋದ ಮೇಲೆ ಬರೆದ ಸಾಲುಗಳೆಲ್ಲ ಇನ್ನೂ ಹಸಿ ಗೋಡೆ ಇದ್ದ ಹಾಗೆ, ಯಾರಾದರೂ ಕೈ ಇಟ್ಟು ಮತ್ತೆ ನಯ ಮಾಡಬಹುದು. ವಾರಕ್ಕೊಮ್ಮೆ ಗುರುತು ಹೊರಗೆ ಹೋದರೆ ವಾರವಿಡೀ ಆ ಅವಕಾಶ ತೆರೆದೇ ಇರುತ್ತದೆ.

ಇನ್ನು ಎಲ್ಲಿ ತಿದ್ದಿದ್ದಾರೆ ಅಂತ ಕಂಡುಹಿಡಿಯುವ ವಿಷಯ. ಕೊನೆಯವರೆಗೂ ಅಚ್ಚುಕಟ್ಟಾಗಿ ತಿದ್ದಿದ ಪುಸ್ತಕದ ಎದುರು ಒಂದೇ ಚೀಟಿ ಹಿಡಿದರೆ "ಇದಕ್ಕಿಂತ ಮೊದಲು ಎಲ್ಲೋ ಬದಲಾಗಿದೆ" ಅಂತ ಮಾತ್ರ ಗೊತ್ತಾಗುತ್ತದೆ. ಎಲ್ಲಿ ಅಂತ ತಿಳಿಯಲು ಬೇರೆ ಬೇರೆ ದಿನದ ಚೀಟಿಗಳು ಬೇಕು. ತಿದ್ದಿದ ಸಾಲು ಯಾವ ದಿನದ್ದೋ ಆ ದಿನಕ್ಕಿಂತ ಹಿಂದಿನ ಚೀಟಿಗಳೆಲ್ಲ ಹೊಂದುತ್ತವೆ. ಆ ದಿನದಿಂದ ಆಚೆಗಿನದು ಒಂದೂ ಹೊಂದುವುದಿಲ್ಲ. ಹಾಗಾಗಿ ವರ್ಷದ 365 ದಿನಗಳನ್ನೂ ನೋಡಬೇಕಿಲ್ಲ. ನಡುವಿನ ದಿನ ನೋಡಿ. ಹೊಂದಿದರೆ ಮುಂದಿನ ಅರ್ಧ, ಹೊಂದದಿದ್ದರೆ ಹಿಂದಿನ ಅರ್ಧ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಒಂಬತ್ತು ಚೀಟಿಯೊಳಗೆ ದಿನ ಸಿಗುತ್ತದೆ. ಆಮೇಲೆ ಆ ದಿನ ಹಾಲು ಹಾಕಿದವರ ಚೀಟಿಗಳನ್ನು ತರಿಸಿ ಲೀಟರ್, ಫ್ಯಾಟ್, ರೂಪಾಯಿ ಹೋಲಿಸಬೇಕು. ಹಳೆಯ ಅಂಕಿ ಏನಿತ್ತು ಅಂತ ಹ್ಯಾಶ್ ಹೇಳುವುದಿಲ್ಲ. ಗುರುತಿನಿಂದ ಬರಹವನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಅದಕ್ಕೆ ಬ್ಯಾಕಪ್ ಬೇಕು, ಅಥವಾ ಚೀಟಿ.

ಚೀಟಿ ಅಂದೆ. ಆ ಬಿಸಿ ಮುದ್ರಣದ ಕಾಗದ ಬಿಸಿಲಿಗೆ, ಒಲೆಯ ಕಾವಿಗೆ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅದೊಂದನ್ನೇ ನಂಬಬೇಡಿ. ದಿನದ ಕೊನೆಯ ಗುರುತು ಸದಸ್ಯರ ವಾಟ್ಸಾಪ್ ಗುಂಪಿಗೆ ಹೋಗಲಿ, ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ನಡವಳಿ ಪುಸ್ತಕದಲ್ಲಿ ಕೈಬರಹದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. 64 ಅಕ್ಷರ ಕೈಯಲ್ಲಿ ಬರೆಯುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ತಿಂಗಳಿಗೆ ಐದು ನಿಮಿಷ.

ಇನ್ನು ನನಗೇ ಆದ ಒಂದು ಪೇಚಾಟ ಹೇಳಬೇಕು, ಯಾಕೆಂದರೆ ನಿಮಗೂ ಆಗಬಹುದು. ಒಂದು ಸಂಘದವರು ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಲೆಕ್ಕ ಸಾಗಿಸಿದರು. ಮಾರನೇ ದಿನ ಪರೀಕ್ಷೆ ಓಡಿಸಿದರೆ ಪುಸ್ತಕದ ಶುರುವಿನಲ್ಲೇ ಒಂದು ಸಾಲು ಹೊಂದುತ್ತಿಲ್ಲ. ಎಲ್ಲರ ಕಣ್ಣು ಲೆಕ್ಕ ಬರೆಯುವ ಹುಡುಗನ ಮೇಲೆ ಹೋಯಿತು. ನಾನು ಹಳೆಯ ಬ್ಯಾಕಪ್ ತೆಗೆದು ಆ ಸಾಲನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಸದಸ್ಯರ ಸಂಖ್ಯೆ ಅದೇ, ಲೀಟರ್ ಅದೇ, ರೂಪಾಯಿ ಅದೇ, ಹೆಸರೂ ಅದೇ: ಹೊನ್ನಪ್ಪ. ಕಣ್ಣಿಗೆ ಒಂದು ಚುಕ್ಕೆಯಷ್ಟೂ ವ್ಯತ್ಯಾಸ ಇಲ್ಲ. ಗುರುತು ಮಾತ್ರ ಬೇರೆ.

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಒಳಗೆ ಅಕ್ಷರಗಳನ್ನು ಬರೆದಿಡುವ ಅಂಕಿಗಳನ್ನು, ತೆಗೆದು ನೋಡಿದೆ. "ಹೊ" ಅಕ್ಷರದಲ್ಲಿತ್ತು ಗುಟ್ಟು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡದ ಒತ್ವವನ್ನು ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊತ್ವ ಎರಡನ್ನೂ ಒಟ್ಟಿಗೆ ಇಟ್ಟು:

```
U+0CCA           E0 B3 8A
U+0CC6 U+0CC2    E0 B3 86 E0 B3 82
```

ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಮೂರು ಬೈಟ್, ಇನ್ನೊಂದರಲ್ಲಿ ಆರು. ಹಳೇ ಫಾಂಟ್‌ನಿಂದ ಬದಲಾಯಿಸಿದ ಹೆಸರುಗಳು ಎರಡನೆಯ ರೀತಿ ಇದ್ದವು. ಸಾಗಿಸುವ ಪ್ರೋಗ್ರಾಂ "ಶುಚಿ ಮಾಡುತ್ತೇನೆ" ಅಂತ ಅವನ್ನು ಮೊದಲನೆಯ ರೀತಿಗೆ ತಂದಿತ್ತು. ಹ್ಯಾಶ್‌ಗೆ ಕಾಣುವುದು ಬೈಟ್ ಮಾತ್ರ. ಹೊನ್ನಪ್ಪ ಅವರೇ ಅಂತ ಅದಕ್ಕೆ ಗೊತ್ತಿಲ್ಲ. ಆ ಹುಡುಗನ ಕ್ಷಮೆ ಕೇಳಬೇಕಾಯಿತು.

ದುಡ್ಡಿನಲ್ಲೂ ಇದೇ ತೊಂದರೆ. 145, 145.0, 145.00 ನಮಗೆ ಒಂದೇ, ಹ್ಯಾಶ್‌ಗೆ ಮೂರು. ಅದಕ್ಕೇ ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಬೇಕು: 14500. ಹೆಸರನ್ನು ಕೊಂಡಿಗೆ ಹಾಕುವ ಮೊದಲೇ ಒಂದೇ ರೂಪಕ್ಕೆ ತರಬೇಕು, ಒಮ್ಮೆ ಹಾಕಿದ ಮೇಲೆ ಮುಟ್ಟಬಾರದು. ಪರೀಕ್ಷೆ ತಪ್ಪು ತೋರಿಸಿದ ಕೂಡಲೇ ಯಾರ ಮೇಲೂ ಬೆರಳು ತೋರಿಸಬೇಡಿ. ಬೈಟ್ ಬದಲಾಗಿದೆ ಅಂತ ಮಾತ್ರ ಅದು ಹೇಳುತ್ತಿದೆ. ಯಾರು, ಯಾಕೆ ಅನ್ನುವುದು ಬೇರೆ ತನಿಖೆ.

ನಿಜವಾದ ತಪ್ಪು ಎಂಟ್ರಿ ಆದಾಗ ಏನು ಮಾಡುವುದು ಅಂತ ನೀವು ಕೇಳುತ್ತೀರಿ. 145ರ ಬದಲು 1450 ಅಂತ ಒತ್ತಿಬಿಟ್ಟರೆ? ಹಳೇ ಸಾಲನ್ನು ಹಾಗೇ ಬಿಡಬೇಕು. ಕೆಳಗೆ ಹೊಸ ಸಾಲು ಬರೆದು 1305 ಕಳೆಯಬೇಕು, ಷರಾದಲ್ಲಿ ಕಾರಣ ಹಾಕಬೇಕು. ಕಿರ್ದಿಯಲ್ಲಿ ವೈಟ್ನರ್ ಹಚ್ಚದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಿದ್ದರಲ್ಲ, ಹಾಗೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹಳೇ ಸಾಲಿಗೆ "ಎಡಿಟ್" ಗುಂಡಿ ಇದ್ದರೆ, ಅದನ್ನು ಒತ್ತಿದಾಗ ಕೊಂಡಿ ತಾನಾಗೇ ಮತ್ತೆ ಲೆಕ್ಕವಾಗಿ ಸರಿ ಹೋದರೆ, ಆ ಚೈನ್ ಬರೀ ಅಲಂಕಾರ.

ಒಂದು ಮಿತಿ ಮಾತ್ರ ಯಾವ ಕೊಂಡಿಯೂ ದಾಟುವುದಿಲ್ಲ. ಹಾಲು ಅಳೆಯುವಾಗಲೇ ಫ್ಯಾಟ್ 4.2 ಇದ್ದದ್ದನ್ನು 3.8 ಅಂತ ಬರೆದರೆ ಹ್ಯಾಶ್ ಆ 3.8ನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಬರೆದ ಮೇಲೆ ಬದಲಾಯಿತೇ ಅನ್ನುವುದಷ್ಟೇ ಅದರ ಪ್ರಶ್ನೆ. ಅಳತೆಯ ಮೋಸಕ್ಕೆ ಯಂತ್ರದ ಎದುರು ನಿಂತು ನೋಡುವ ಕಣ್ಣೇ ಬೇಕು.

ಹಣ ಕೊಡುವ ಮೊದಲು ಮಾರುವವರನ್ನು ಆಫೀಸಿಗೆ ಕರೆಸಿ. ನಾಲ್ಕು ದಿನದ ಮಾದರಿ ಲೆಕ್ಕ ಹಾಕಿ, ಚೀಟಿ ಅಚ್ಚು ಹಾಕಿಸಿ, ಚೀಟಿಗಳನ್ನು ನೀವು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಅವರ ಹುಡುಗನಿಗೇ ಹೇಳಿ: "ಸಾಫ್ಟ್‌ವೇರ್ ಬಿಡಪ್ಪ, ನೇರ ಡೇಟಾಬೇಸ್ ತೆಗೆದು ಎರಡನೇ ದಿನದ ಒಂದು ಸಾಲು ತಿದ್ದು. ಕೊಂಡಿಯನ್ನೂ ಕೊನೆಯವರೆಗೆ ಸರಿ ಮಾಡು. ಯಾವ ಸಾಲು ಅಂತ ನಮಗೆ ಹೇಳಬೇಡ." ಅವನು "ಆಗಲ್ಲ ಸಾರ್" ಅಂದರೆ, ಅವನಿಗೆ ಗೊತ್ತಿಲ್ಲ ಅಥವಾ ಹೇಳುತ್ತಿಲ್ಲ. ತಿದ್ದಿದರೆ, ಜೇಬಿನ ಚೀಟಿ ತೆಗೆದು ಮೊದಲ ದಿನದ್ದು ಹೊಂದಿತೇ, ಎರಡನೆಯದು ಹೊಂದಿತೇ ಅಂತ ನೋಡುತ್ತಾ ಬನ್ನಿ. ಎರಡನೇ ದಿನದಿಂದ ಹೊಂದದೆ ಹೋದರೆ ಸಾಫ್ಟ್‌ವೇರ್ ತಗೊಳ್ಳಬಹುದು.